ಲಿಕ್ವಿಡಿಟಿ ಸ್ವೀಪ್ ಮತ್ತು ಸ್ಟಾಪ್ ಹಂಟ್

ಷೇರು, ವಾಯಿದಾ ಮತ್ತು ವಿದೇಶಿ ವಿನಿಮಯ ಪೇಟೆಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಿಂದಿನ ಗರಿಷ್ಠ ಅಥವಾ ಕನಿಷ್ಠ ಬೆಲೆಯನ್ನು ದರವು ಸ್ವಲ್ಪವೇ ದಾಟಿ, ಅಲ್ಲಿ ಕಾದಿದ್ದ ಸ್ಟಾಪ್‌ಲಾಸ್ ಆರ್ಡರ್‌ಗಳನ್ನು ಜಾರಿಗೆ ತಂದು, ಬೇಗನೆ ಹಳೆಯ ವಲಯಕ್ಕೆ ಮರಳುವುದುಂಟು. ಈ ಚಲನೆಯನ್ನು ಲಿಕ್ವಿಡಿಟಿ ಸ್ವೀಪ್ ಎನ್ನುತ್ತಾರೆ. ಯಾರಾದರೂ ಬೇಕೆಂದೇ ಆ ಆರ್ಡರ್‌ಗಳನ್ನು ಜಾರಿಗೆ ತರಲು ದರವನ್ನು ಅಲ್ಲಿಯವರೆಗೆ ತಳ್ಳಿದರೆ ಅದು ಸ್ಟಾಪ್ ಹಂಟ್. ಸ್ವೀಪ್ ಒಂದು ಘಟನೆ, ಹಂಟ್ ಅದರ ಹಿಂದಿನ ಉದ್ದೇಶ. ಚಾರ್ಟಿನಲ್ಲಿ ಕಾಣುವುದು ಘಟನೆ ಮಾತ್ರ, ಉದ್ದೇಶ ಅಲ್ಲಿ ಕಾಣದು.

ಈ ವಿದ್ಯಮಾನ ಹೊಸದಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಷೇರುಪೇಟೆಯ ಬಗ್ಗೆ ಬರೆಯುತ್ತಿದ್ದ ರಿಚರ್ಡ್ ವೈಕಾಫ್ ಅವರ ಪರಂಪರೆಯಲ್ಲಿ, ಕನಿಷ್ಠ ಮಟ್ಟದ ಕೆಳಗಿಳಿದು ಪುಟಿದೇಳುವುದಕ್ಕೆ ಸ್ಪ್ರಿಂಗ್ ಎಂದೂ ಗರಿಷ್ಠ ಮಟ್ಟದ ಮೇಲೇರಿ ಕುಸಿಯುವುದಕ್ಕೆ ಅಪ್‌ಥ್ರಸ್ಟ್ ಎಂದೂ ಹೆಸರಿದೆ. 1990ರ ದಶಕದಲ್ಲಿ ಲಿಂಡಾ ರಾಶ್ಕೆ ಮತ್ತು ಲಾರೆನ್ಸ್ ಕಾನರ್ಸ್ ಇದೇ ಚಲನೆಯನ್ನು ಆಧರಿಸಿದ ವಿಧಾನಕ್ಕೆ ಟರ್ಟಲ್ ಸೂಪ್ ಎಂದು ಹೆಸರಿಟ್ಟರು. 20 ದಿನಗಳ ಗರಿಷ್ಠ ಅಥವಾ ಕನಿಷ್ಠ ದಾಟಿದೊಡನೆ ವಹಿವಾಟಿಗಿಳಿಯುತ್ತಿದ್ದ, ರಿಚರ್ಡ್ ಡೆನಿಸ್ ತರಬೇತಿ ಕೊಟ್ಟ ಟರ್ಟಲ್ಸ್ ಎಂಬ ತಂಡದ ವಿಧಾನ ವಿಫಲವಾಗುವ ಸಂದರ್ಭಗಳೇ ಅದರ ಗುರಿಯಾಗಿದ್ದವು. ಹೆಸರುಗಳು ಬದಲಾಗಿದ್ದರೂ ಅವುಗಳ ಹಿಂದಿರುವ ಯಂತ್ರಾಂಗ ಒಂದೇ. ಅದನ್ನು ಅರಿಯಲು ಸ್ಟಾಪ್ ಆರ್ಡರ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ ಹೊರಡಬೇಕು.

## ಸ್ಟಾಪ್ ಆರ್ಡರ್ ಕೆಲಸ ಮಾಡುವ ಬಗೆ

ಷೇರು ಕೊಂಡವರು ನಷ್ಟಕ್ಕೆ ಮಿತಿ ಹಾಕಲು ಈಗಿನ ದರಕ್ಕಿಂತ ಕೆಳಗೆ ಮಾರಾಟದ ಸ್ಟಾಪ್ ಇಡುತ್ತಾರೆ. ಶಾರ್ಟ್ ಮಾಡಿದವರು ಈಗಿನ ದರಕ್ಕಿಂತ ಮೇಲೆ ಖರೀದಿಯ ಸ್ಟಾಪ್ ಇಡುತ್ತಾರೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಇಂಥ ಆರ್ಡರ್‌ಗೆ ಒಂದು ಟ್ರಿಗರ್ ಬೆಲೆ ಇರುತ್ತದೆ. ದರ ಅಲ್ಲಿಗೆ ಬರುವವರೆಗೆ ಆರ್ಡರ್ ಪ್ರತ್ಯೇಕ ಪಟ್ಟಿಯಲ್ಲಿ ಸುಮ್ಮನಿರುತ್ತದೆ. ಪರದೆಯ ಮೇಲೆ ನಾವು ನೋಡುವ ಖರೀದಿ ಮತ್ತು ಮಾರಾಟದ ಸಾಲುಗಳಲ್ಲಿ ಅದು ಕಾಣುವುದಿಲ್ಲ. ಕೊನೆಯ ವಹಿವಾಟಿನ ದರ ಟ್ರಿಗರ್ ಮುಟ್ಟಿದ ಕ್ಷಣ ಅದು ಸಾಮಾನ್ಯ ಆರ್ಡರ್ ಆಗಿ ಆರ್ಡರ್ ಬುಕ್‌ಗೆ ಬರುತ್ತದೆ. ಇದಕ್ಕೆ ಒಂದೇ ಒಂದು ಸಣ್ಣ ವಹಿವಾಟು ಸಾಕು.

ಎರಡು ಸಂಗತಿಗಳು ಇಲ್ಲಿ ಮುಖ್ಯ. ಮೊದಲನೆಯದು, ಸ್ಟಾಪ್ ಆರ್ಡರ್ ದರದ ಚಲನೆಯನ್ನು ತಡೆಯುವುದಿಲ್ಲ, ಅದೇ ದಿಕ್ಕಿಗೆ ಇನ್ನಷ್ಟು ತಳ್ಳುತ್ತದೆ. ದರ ಇಳಿದಾಗ ಜಾರಿಯಾಗುವುದು ಮಾರಾಟ, ಏರಿದಾಗ ಜಾರಿಯಾಗುವುದು ಖರೀದಿ. ಎರಡನೆಯದು, ಟ್ರಿಗರ್ ಬೆಲೆ ಎಂದರೆ ಮಾರಾಟವಾಗುವ ಬೆಲೆಯಲ್ಲ. ಮಾರುಕಟ್ಟೆ ಬೆಲೆಗೆ ಜಾರಿಯಾಗುವ ಸ್ಟಾಪ್, ಆ ಹೊತ್ತಿಗೆ ಎದುರಿಗೆ ಯಾವ ಬೆಲೆಗೆ ಕೊಳ್ಳುವವರಿದ್ದಾರೋ ಆ ಬೆಲೆಗೆ ಮುಗಿಯುತ್ತದೆ. ಟ್ರಿಗರ್ ಬೆಲೆಗೂ ಕೈಗೆ ಸಿಕ್ಕ ಬೆಲೆಗೂ ನಡುವಿನ ಈ ಅಂತರಕ್ಕೆ ಸ್ಲಿಪೇಜ್ ಎನ್ನುತ್ತಾರೆ.

## ಸ್ಟಾಪ್‌ಗಳು ಒಂದೆಡೆ ಗುಂಪುಗೂಡುವುದೇಕೆ

ತಾಂತ್ರಿಕ ವಿಶ್ಲೇಷಣೆಯ ಬಹುತೇಕ ಪಾಠಗಳು ಒಂದೇ ಸಲಹೆ ಕೊಡುತ್ತವೆ: ಕೊಂಡಿದ್ದರೆ ಇತ್ತೀಚಿನ ಕನಿಷ್ಠದ ಕೆಳಗೆ ಸ್ಟಾಪ್ ಇಡಿ, ಶಾರ್ಟ್ ಮಾಡಿದ್ದರೆ ಇತ್ತೀಚಿನ ಗರಿಷ್ಠದ ಮೇಲೆ ಇಡಿ. ಚಾರ್ಟ್ ಎಲ್ಲರಿಗೂ ಒಂದೇ, ಕಲಿತ ನಿಯಮವೂ ಒಂದೇ. ಹೀಗಾಗಿ ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಜನ ತಮ್ಮ ಆರ್ಡರ್‌ಗಳನ್ನು ಕೆಲವೇ ಪೈಸೆಗಳ ಅಂತರದಲ್ಲಿ ಇಟ್ಟಿರುತ್ತಾರೆ. ದರ ಒಂದೇ ಮಟ್ಟವನ್ನು ಎರಡು ಮೂರು ಸಲ ಮುಟ್ಟಿ ಹಿಂದಿರುಗಿದ್ದರೆ ಆ ಮಟ್ಟ ಇನ್ನಷ್ಟು ಎದ್ದು ಕಾಣುತ್ತದೆ, ಅದರಾಚೆಯ ಸ್ಟಾಪ್‌ಗಳ ರಾಶಿಯೂ ದೊಡ್ಡದಾಗುತ್ತದೆ. ಸಪೋರ್ಟ್ ಗಟ್ಟಿಯಾಗಿದೆ ಎಂದು ಕಾಣುವ ಹೊತ್ತಿನಲ್ಲೇ ಅದರಡಿಯಲ್ಲಿ ಮಾರಾಟದ ಆರ್ಡರ್‌ಗಳು ಅತಿ ಹೆಚ್ಚಾಗಿರುವುದು ಹೀಗೆ.

ಇದು ಬರೀ ಊಹೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕರೋಲ್ ಓಸ್ಲರ್ ಒಂದು ದೊಡ್ಡ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ 1999 ಮತ್ತು 2000ರಲ್ಲಿ ಬಂದಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಸ್ಟಾಪ್‌ಲಾಸ್ ಮತ್ತು ಲಾಭಗಳಿಕೆಯ ಆರ್ಡರ್‌ಗಳನ್ನು ಪರಿಶೀಲಿಸಿದರು. ಲಾಭಗಳಿಕೆಯ ಆರ್ಡರ್‌ಗಳು 00ಯಿಂದ ಕೊನೆಗೊಳ್ಳುವ ದುಂಡು ಸಂಖ್ಯೆಗಳ ಮೇಲೆಯೇ ಹೆಚ್ಚಾಗಿ ಕುಳಿತಿದ್ದವು. ಸ್ಟಾಪ್‌ಗಳು ಹಾಗಿರಲಿಲ್ಲ. ಮಾರಾಟದ ಸ್ಟಾಪ್‌ಗಳು ದುಂಡು ಸಂಖ್ಯೆಯ ತುಸು ಕೆಳಗೆ, ಖರೀದಿಯ ಸ್ಟಾಪ್‌ಗಳು ತುಸು ಮೇಲೆ ದಟ್ಟವಾಗಿದ್ದವು. ಇದರ ಪರಿಣಾಮ ದರದ ಚಲನೆಯಲ್ಲೂ ಕಂಡಿತು. ದುಂಡು ಸಂಖ್ಯೆಯ ಬಳಿ ದರ ಹಿಂದಿರುಗುವುದು ಬೇರೆಡೆಗಿಂತ ಹೆಚ್ಚು, ಅದನ್ನು ದಾಟಿದರೆ ಅದೇ ದಿಕ್ಕಿಗೆ ಓಡುವುದೂ ಬೇರೆಡೆಗಿಂತ ವೇಗ. 2003 ಮತ್ತು 2005ರಲ್ಲಿ ಪ್ರಕಟವಾದ ಅವರ ಲೇಖನಗಳು, ಒಂದು ಸ್ಟಾಪ್ ಜಾರಿಯಾಗಿ ದರವನ್ನು ತಳ್ಳಿ ಮುಂದಿನ ಸ್ಟಾಪನ್ನು ಜಾರಿಗೊಳಿಸುವ ಸರಣಿಯನ್ನು ದತ್ತಾಂಶದಿಂದ ತೋರಿಸಿಕೊಟ್ಟವು.

## ಒಂದು ಉದಾಹರಣೆ

ಈ ಸರಣಿ ಆರ್ಡರ್ ಬುಕ್‌ನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಷೇರಿನ ಮೂಲಕ ನೋಡಬಹುದು. ಎರಡು ವಾರಗಳಲ್ಲಿ ಅದರ ದರ ಮೂರು ಸಲ ಇಳಿದು ₹500.30, ₹500.10 ಮತ್ತು ₹500.20ರಿಂದ ಮೇಲೆದ್ದಿದೆ. ಕನಿಷ್ಠ ಮಟ್ಟವೂ ದುಂಡು ಸಂಖ್ಯೆಯೂ ಒಂದೇ ಕಡೆ ಕೂಡಿವೆ. ₹504ರ ಆಸುಪಾಸಿನಲ್ಲಿ ಕೊಂಡವರು ₹499.95ರಿಂದ ₹499.50ರವರೆಗೆ ಒಟ್ಟು 25,000 ಷೇರುಗಳ ಮಾರಾಟದ ಸ್ಟಾಪ್ ಇಟ್ಟಿದ್ದಾರೆ ಎಂದುಕೊಳ್ಳೋಣ.

ದರ ನಾಲ್ಕನೆಯ ಸಲ ₹500.05ಕ್ಕೆ ಇಳಿಯುತ್ತದೆ. ಆ ಬೆಲೆಗೆ ಕೊಳ್ಳಲು 4,000 ಷೇರುಗಳ ಬೇಡಿಕೆ ಇದೆ, ₹500ಕ್ಕೆ 9,000 ಇದೆ. ಯಾರೋ 14,000 ಷೇರು ಮಾರುತ್ತಾರೆ. ಮೊದಲ 13,000 ಆ ಎರಡು ಬೆಲೆಗಳಲ್ಲಿ ಮುಗಿದು, ಉಳಿದ 1,000 ಷೇರು ₹499.95ಕ್ಕೆ ಮಾರಾಟವಾಗುತ್ತದೆ. ಈ ಒಂದು ವಹಿವಾಟಿಗೆ ಮೊದಲ ಸಾಲಿನ ಸ್ಟಾಪ್‌ಗಳು ಎಚ್ಚರಗೊಳ್ಳುತ್ತವೆ, ಅವುಗಳ ಮಾರಾಟಕ್ಕೆ ದರ ಇಳಿದು ಮುಂದಿನ ಸಾಲಿನವು ಎಚ್ಚರಗೊಳ್ಳುತ್ತವೆ. ಕೆಲವೇ ಕ್ಷಣಗಳಲ್ಲಿ 25,000 ಷೇರುಗಳೂ ಮಾರಾಟಕ್ಕೆ ನಿಲ್ಲುತ್ತವೆ. ಎದುರಿಗೆ ₹499ರವರೆಗೆ ಕೊಳ್ಳುವವರು 5,000 ಷೇರಿಗೆ ಮಾತ್ರ ಇದ್ದಾರೆ. ಅಲ್ಲಿಂದ ₹498ರವರೆಗೆ 12,000, ಅದರ ಕೆಳಗೆ ₹497.20ರವರೆಗೆ 8,000. ಹೀಗೆ ಕೊನೆಯ ಸ್ಟಾಪ್ ಮುಗಿಯುವ ಹೊತ್ತಿಗೆ ದರ ₹497.20 ಮುಟ್ಟಿರುತ್ತದೆ. ಸ್ಟಾಪ್ ಇಟ್ಟವರಿಗೆ ಸರಾಸರಿಯಾಗಿ ಸಿಕ್ಕಿದ್ದು ಸುಮಾರು ₹498.40.

ಈಗ ಮಾರಬೇಕಾದವರೆಲ್ಲ ಮಾರಿ ಮುಗಿಸಿದ್ದಾರೆ. ₹499ರ ಕೆಳಗಿನ ಖರೀದಿಯಲ್ಲಿ ದೊಡ್ಡ ಪಾಲು ಒಂದೇ ನಿಧಿಯದ್ದಾಗಿದ್ದರೆ, ಅದಕ್ಕೆ ಬೇಕಾದ ಷೇರು ದರವನ್ನು ಮೇಲೆ ತಳ್ಳದೆಯೇ ಸಿಕ್ಕಿತು. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರ ಮುಖ್ಯ ತೊಡಕು ಇದೇ. ಅವರು ಕೊಳ್ಳುತ್ತಾ ಹೋದಂತೆ ದರ ಏರುತ್ತದೆ. ಒಮ್ಮೆಗೇ ಸಾಕಷ್ಟು ಮಾರುವವರು ಎದುರಿಗಿರುವ ಜಾಗ ಅವರಿಗೆ ಬೇಕು, ಕನಿಷ್ಠ ಮಟ್ಟದ ಕೆಳಗಿನ ಸ್ಟಾಪ್‌ಗಳ ರಾಶಿ ಅಂಥ ಜಾಗ. ಸ್ವೀಪ್‌ನ ಹೆಸರಿನಲ್ಲಿರುವ ಲಿಕ್ವಿಡಿಟಿ ಎಂದರೆ ಈ ರಾಶಿಯೇ. ಮಾರಾಟದ ಒತ್ತಡ ಇಲ್ಲವಾದ್ದರಿಂದ ಸ್ವಲ್ಪ ಖರೀದಿಗೇ ದರ ಏರಿ, ಅದೇ ದಿನ ₹501.50ಕ್ಕೆ ಮರಳುತ್ತದೆ.

₹499.90ಕ್ಕೆ ಸ್ಟಾಪ್ ಇಟ್ಟವರು ಇಲ್ಲಿ ಎರಡು ಬಗೆಯಲ್ಲಿ ಕಳೆದುಕೊಂಡರು. ತಮ್ಮ ಲೆಕ್ಕಾಚಾರ ತಪ್ಪಾಗದಿದ್ದರೂ ಹೊರಬಿದ್ದರು. ಹೊರಬಿದ್ದಾಗಲೂ ಷೇರಿಗೆ ₹4.10 ನಷ್ಟ ಎಂದು ಯೋಜಿಸಿದ್ದವರಿಗೆ ಸುಮಾರು ₹5.60 ನಷ್ಟವಾಯಿತು. ಈ ಎರಡನೆಯ ನಷ್ಟದ ಬಗ್ಗೆ ಮಾತು ಕಡಿಮೆ. ಆದರೆ ದರ ಮರಳದೆ ಕೆಳಗೇ ಹೋಗಿದ್ದರೂ ಅದು ತಪ್ಪುತ್ತಿರಲಿಲ್ಲ. ಎಲ್ಲರೂ ಒಂದೇ ಬಾಗಿಲಿನಿಂದ ಹೊರಡುವಾಗ ಸಿಗುವ ಬೆಲೆ ಕೆಟ್ಟದ್ದೇ ಆಗಿರುತ್ತದೆ. ಸ್ಟಾಪ್ ಎದ್ದುಕಾಣುವ ಮಟ್ಟದ ಅಂಚಿನಲ್ಲಿ ಇರಬಾರದು ಎಂಬುದಕ್ಕೆ ಬೇಟೆಗಾರರ ಭಯಕ್ಕಿಂತ ಗಟ್ಟಿಯಾದ ಕಾರಣ ಈ ನೂಕುನುಗ್ಗಲು.

## ಬೇಟೆಯೋ, ಸಹಜ ಚಲನೆಯೋ

ಮೇಲಿನ ಉದಾಹರಣೆಯಲ್ಲಿ 14,000 ಷೇರು ಮಾರಿದವರು ಯಾರು? ಸ್ಟಾಪ್‌ಗಳನ್ನು ಎಬ್ಬಿಸಿ ಕೆಳಗೆ ಕೊಳ್ಳಲು ಹೊರಟವರಿರಬಹುದು, ಹಣ ಬೇಕಾಗಿ ಮಾರಿದ ಯಾವುದೋ ಹೂಡಿಕೆದಾರರೂ ಇರಬಹುದು. ಎರಡೂ ಸಂದರ್ಭದಲ್ಲಿ ಚಾರ್ಟ್ ಒಂದೇ ರೀತಿ ಮೂಡುತ್ತದೆ. ತನ್ನ ಸ್ಟಾಪ್ ಹೊಡೆದು ದರ ತಿರುಗಿದಾಗಲೆಲ್ಲ ಬೇಟೆ ನಡೆಯಿತು ಎಂದುಕೊಳ್ಳುವವರು ಇದನ್ನು ಮರೆಯುತ್ತಾರೆ. ಒಬ್ಬ ಸಣ್ಣ ವಹಿವಾಟುದಾರರ ಕೆಲವು ನೂರು ಷೇರುಗಳಿಗಾಗಿ ಯಾರೂ ದರವನ್ನು ತಳ್ಳುವುದಿಲ್ಲ, ತಳ್ಳುವ ಖರ್ಚೇ ಅದಕ್ಕಿಂತ ಹೆಚ್ಚಾಗುತ್ತದೆ.

ಹಾಗೆಂದು ಬೇಟೆ ಕಟ್ಟುಕಥೆಯಲ್ಲ. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ, ವಿದೇಶಿ ವಿನಿಮಯ ವಹಿವಾಟಿನ ಲೋಪಗಳಿಗಾಗಿ ಸಿಟಿಬ್ಯಾಂಕ್, ಎಚ್‌ಎಸ್‌ಬಿಸಿ, ಜೆಪಿ ಮಾರ್ಗನ್, ಆರ್‌ಬಿಎಸ್ ಮತ್ತು ಯುಬಿಎಸ್ ಬ್ಯಾಂಕುಗಳಿಗೆ ಒಟ್ಟು 110 ಕೋಟಿ ಪೌಂಡ್‌ಗೂ ಹೆಚ್ಚು ದಂಡ ಹಾಕಿತು. ಗ್ರಾಹಕರ ಗೋಪ್ಯ ಮಾಹಿತಿ ಹಂಚಿಕೊಂಡದ್ದರ ಜೊತೆಗೆ, ಗ್ರಾಹಕರ ಸ್ಟಾಪ್‌ಲಾಸ್ ಆರ್ಡರ್‌ಗಳನ್ನು ಜಾರಿಗೆ ತರಲು ನಡೆಸಿದ ಯತ್ನಗಳೂ ಆ ಆದೇಶಗಳಲ್ಲಿ ದಾಖಲಾಗಿದ್ದವು. ವಿದೇಶಿ ವಿನಿಮಯದಲ್ಲಿ ಗ್ರಾಹಕರು ತಮ್ಮ ಸ್ಟಾಪ್‌ಗಳನ್ನು ಬ್ಯಾಂಕಿನ ವಹಿವಾಟು ವಿಭಾಗಕ್ಕೇ ಒಪ್ಪಿಸುವುದರಿಂದ ಎದುರಿಗಿರುವ ವಹಿವಾಟುದಾರರಿಗೆ ಅವು ನೇರವಾಗಿ ಕಾಣುತ್ತವೆ. ಷೇರು ವಿನಿಮಯ ಕೇಂದ್ರದ ಪಟ್ಟಿಯಲ್ಲಿರುವ ಸ್ಟಾಪ್‌ಗಳು ಇತರರಿಗೆ ಕಾಣುವುದಿಲ್ಲ. ಆದರೆ ಎಲ್ಲರೂ ಒಂದೇ ಪಾಠ ಕಲಿತಿರುವಾಗ ಅವು ಎಲ್ಲಿರುತ್ತವೆ ಎಂದು ಊಹಿಸಲು ಪಟ್ಟಿ ನೋಡಬೇಕಾಗಿಯೂ ಇಲ್ಲ. ಭಾರತದಲ್ಲಿ ದರವನ್ನು ಕೃತಕವಾಗಿ ಏರಿಳಿಸುವುದನ್ನು ಸೆಬಿಯ 2003ರ ನಿಯಮಾವಳಿ ನಿಷೇಧಿಸುತ್ತದೆ. ಆದರೆ ಉದ್ದೇಶವನ್ನು ಸಾಬೀತುಪಡಿಸದೆ ಒಂದು ಸ್ವೀಪನ್ನು ಅಪರಾಧ ಎನ್ನಲಾಗದು.

## ಸ್ವೀಪ್ ಮತ್ತು ನಿಜವಾದ ಮುರಿತ

ಮಟ್ಟ ದಾಟಿದ ದರವೆಲ್ಲ ಮರಳಿ ಬರುವುದಿಲ್ಲ. ಓಸ್ಲರ್ ಕಂಡುಕೊಂಡದ್ದು ಇಲ್ಲಿ ನೆನಪಿರಬೇಕು: ದಾಟಿದ ನಂತರ ದರ ಅದೇ ದಿಕ್ಕಿಗೆ ವೇಗವಾಗಿ ಓಡುವುದೇ ಸ್ಟಾಪ್‌ಗಳ ಗುಂಪಿನ ನೇರ ಪರಿಣಾಮ. ಆ ಓಟದ ಎದುರಿಗೆ ಸಾಕಷ್ಟು ಖರೀದಿ ಇದ್ದರೆ ಅದು ಸ್ವೀಪ್ ಆಗಿ ಮುಗಿಯುತ್ತದೆ. ಇಲ್ಲದಿದ್ದರೆ ಕುಸಿತವಾಗಿ ಮುಂದುವರಿಯುತ್ತದೆ. ಆದ್ದರಿಂದ ಕನಿಷ್ಠ ಮಟ್ಟ ಮುರಿದೊಡನೆ ಇದು ಸ್ವೀಪ್ ಎಂದು ಕೊಳ್ಳಲು ಧಾವಿಸುವುದು, ಎಲ್ಲರ ಜೊತೆ ಅಂಚಿನಲ್ಲಿ ಸ್ಟಾಪ್ ಇಡುವಷ್ಟೇ ಅಪಾಯಕಾರಿ.

ವ್ಯತ್ಯಾಸ ತಿಳಿಯಲು ಮುಖ್ಯವಾಗಿ ನೋಡಬೇಕಾದ್ದು ದರ ಮಟ್ಟದಾಚೆ ಎಷ್ಟು ಹೊತ್ತು ಉಳಿಯಿತು ಮತ್ತು ಎಲ್ಲಿ ಮುಕ್ತಾಯವಾಯಿತು ಎಂಬುದು. ಸ್ವೀಪ್‌ನಲ್ಲಿ ವಹಿವಾಟಿನ ಪ್ರಮಾಣ ಒಮ್ಮೆಲೇ ಏರುತ್ತದೆ, ಆದರೂ ದರ ಹೊಸ ಮಟ್ಟದಲ್ಲಿ ನೆಲೆಯೂರುವುದಿಲ್ಲ. ಕ್ಯಾಂಡಲ್ ಕೆಳಗೆ ಉದ್ದನೆಯ ಬಾಲ ಬಿಟ್ಟು ಮಟ್ಟದ ಒಳಗೇ ಮುಗಿಯುತ್ತದೆ. ಅಷ್ಟೊಂದು ಮಾರಾಟವಾದರೂ ದರ ಇಳಿದು ನಿಲ್ಲಲಿಲ್ಲವೆಂದರೆ ಅದನ್ನೆಲ್ಲ ಯಾರೋ ಕೊಂಡಿದ್ದಾರೆ. ನಿಜವಾದ ಮುರಿತದಲ್ಲಿ ಕ್ಯಾಂಡಲ್‌ಗಳು ಮಟ್ಟದ ಕೆಳಗೇ ಮುಗಿಯುತ್ತಾ ಹೋಗುತ್ತವೆ. ದರ ಮತ್ತೆ ಮೇಲೆದ್ದು ಹಳೆಯ ಕನಿಷ್ಠವನ್ನು ಕೆಳಗಿನಿಂದ ಮುಟ್ಟಿದಾಗ ಮಾರಾಟಕ್ಕೆ ಸಿಲುಕಿ ಹಿಂದಿರುಗುತ್ತದೆ. ಈ ಗುರುತುಗಳೆಲ್ಲ ಘಟನೆ ನಡೆದ ಮೇಲಷ್ಟೇ ಸ್ಪಷ್ಟವಾಗುತ್ತವೆ. ಹಳೆಯ ಚಾರ್ಟಿನಲ್ಲಿ ಸ್ವೀಪ್‌ಗಳನ್ನು ಹುಡುಕುವವರಿಗೆ ಅವು ಎಲ್ಲೆಡೆ ಸಿಗುವುದು, ಮರಳದೆ ಹೋದ ಮುರಿತಗಳನ್ನು ಅವರು ಆ ಎಣಿಕೆಗೆ ಸೇರಿಸದಿರುವುದರಿಂದ.

## ಸ್ಟಾಪ್ ಎಲ್ಲಿರಬೇಕು

ಸ್ಟಾಪ್ ಇಡುವ ಮುನ್ನ ಕೇಳಿಕೊಳ್ಳಬೇಕಾದ್ದು ಒಂದೇ: ದರ ಎಲ್ಲಿಗೆ ಬಂದರೆ ನಾನು ಕೊಂಡ ಕಾರಣವೇ ಸುಳ್ಳಾಗುತ್ತದೆ? ಮೂರು ಸಲ ತಡೆದ ಮಟ್ಟದ ಕೆಳಗೆ ದರ ಹತ್ತು ಪೈಸೆ ಇಳಿದ ಮಾತ್ರಕ್ಕೆ ಆ ಕಾರಣ ಸುಳ್ಳಾಗುವುದಿಲ್ಲ, ಏಕೆಂದರೆ ದಿನನಿತ್ಯದ ಏರಿಳಿತವೇ ಅದಕ್ಕಿಂತ ದೊಡ್ಡದು. ಈ ಏರಿಳಿತವನ್ನು ಅಳೆಯಲು ವೆಲ್ಲೆಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಎಟಿಆರ್ ಎಂಬ ಸರಾಸರಿ ವ್ಯಾಪ್ತಿಯ ಮಾಪಕವನ್ನು ಬಳಸುವುದು ರೂಢಿ. ನಮ್ಮ ಉದಾಹರಣೆಯ ಷೇರಿನ ದಿನದ ಎಟಿಆರ್ ₹10 ಎಂದಿಟ್ಟುಕೊಂಡರೆ, ಕನಿಷ್ಠವಾದ ₹500.10ರಿಂದ ಅದರ ಅರ್ಧದಷ್ಟು ಕೆಳಗೆ ಹೋದರೆ ₹495.10 ಬರುತ್ತದೆ. ಆದರೆ ₹495 ಮತ್ತೊಂದು ದುಂಡು ಸಂಖ್ಯೆ, ಅದರ ಕೆಳಗಿನ ಕೆಲವು ಪೈಸೆಗಳಲ್ಲೂ ಸ್ಟಾಪ್‌ಗಳು ಸೇರಿರುತ್ತವೆ. ಅದನ್ನೂ ದಾಟಿ ₹494.40ರಂಥ ಜಾಗ ಆರಿಸಿಕೊಳ್ಳಬಹುದು. ಅರ್ಧ ಎಟಿಆರ್ ಎಂಬುದು ಕೈಲೆಕ್ಕವಷ್ಟೇ, ಆಯಾ ಷೇರಿನ ಹಿಂದಿನ ಸ್ವೀಪ್‌ಗಳು ಎಷ್ಟು ಆಳಕ್ಕೆ ಹೋಗಿದ್ದವು ಎಂದು ನೋಡಿ ಅದನ್ನು ತಿದ್ದಿಕೊಳ್ಳಬೇಕು.

ಸ್ಟಾಪ್ ದೂರ ಹೋದಂತೆ ಷೇರುಗಳ ಸಂಖ್ಯೆ ಇಳಿಯಲೇಬೇಕು. ಒಂದು ವಹಿವಾಟಿನಲ್ಲಿ ₹2,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬ ಮಿತಿ ಇದ್ದರೆ, ₹504ಕ್ಕೆ ಕೊಂಡು ₹499.90ಕ್ಕೆ ಸ್ಟಾಪ್ ಇಡುವವರು 487 ಷೇರು ಕೊಳ್ಳಬಹುದು. ₹494.40ಕ್ಕೆ ಇಡುವವರು 208 ಷೇರು ಮಾತ್ರ. ಸ್ಟಾಪನ್ನು ದೂರ ಸರಿಸಿ ಸಂಖ್ಯೆಯನ್ನು ಹಾಗೇ ಬಿಟ್ಟವರು ಸ್ವೀಪ್‌ನಿಂದ ಪಾರಾಗಲು ಹೋಗಿ ನಷ್ಟವನ್ನು ಇಮ್ಮಡಿ ಮಾಡಿಕೊಂಡಿರುತ್ತಾರೆ.

ದೂರದ ಸ್ಟಾಪ್‌ಗೆ ಬೆಲೆಯೂ ಇದೆ. ಗುರಿ ₹520 ಆಗಿದ್ದರೆ ಷೇರಿಗೆ ₹16 ಲಾಭ. ಅಂಚಿನ ಸ್ಟಾಪ್ ಯೋಜಿಸಿದ ಬೆಲೆಗೇ ಮುಗಿದರೆ 100 ವಹಿವಾಟುಗಳಲ್ಲಿ 21 ಗೆದ್ದರೂ ನಷ್ಟವಿಲ್ಲ. ಸ್ಲಿಪೇಜ್ ಸೇರಿಸಿದರೆ 26 ಗೆಲ್ಲಬೇಕು. ದೂರದ ಸ್ಟಾಪ್ ಇಟ್ಟವರು 38 ಗೆಲ್ಲಬೇಕು. ಅಂದರೆ ಸ್ವೀಪ್‌ಗಳಿಂದ ಉಳಿದುಕೊಂಡ ವಹಿವಾಟುಗಳು ಗೆಲುವಿನ ಪ್ರಮಾಣವನ್ನು ಅಷ್ಟರಮಟ್ಟಿಗೆ ಏರಿಸಿದರೆ ಮಾತ್ರ ದೂರ ಸರಿಸಿದ್ದಕ್ಕೆ ಅರ್ಥ. ಇದನ್ನು ತಿಳಿಯುವ ದಾರಿ ತನ್ನದೇ ಹಳೆಯ ವಹಿವಾಟುಗಳ ದಾಖಲೆ. ಅಂಚಿನಲ್ಲಿ ಹೊರಬಿದ್ದ ವಹಿವಾಟುಗಳಲ್ಲಿ ಎಷ್ಟು, ಸ್ಟಾಪ್ ಇನ್ನೂ ಅರ್ಧ ಎಟಿಆರ್ ಕೆಳಗಿದ್ದರೆ ಗುರಿ ಮುಟ್ಟುತ್ತಿದ್ದವು ಎಂದು ಅದರಲ್ಲಿ ಎಣಿಸಬಹುದು.

ಇನ್ನೊಂದು ದಾರಿ, ಕಾದು ಕೊಳ್ಳುವುದು. ದರ ₹497.20ಕ್ಕೆ ಇಳಿದು ಮತ್ತೆ ₹500ರ ಮೇಲೆ ಮುಕ್ತಾಯ ಕಂಡ ನಂತರ ₹501.50ಕ್ಕೆ ಕೊಂಡವರಿಗೆ ಸ್ವೀಪ್‌ನ ತಳವೇ ಹೊಸ ಗುರುತಾಗುತ್ತದೆ. ಅದಕ್ಕಿಂತ ತುಸು ದೂರ, ₹496.10ಕ್ಕೆ ಸ್ಟಾಪ್ ಇಟ್ಟರೆ ಷೇರಿಗೆ ₹5.40 ಅಪಾಯ, 370 ಷೇರು ಕೊಳ್ಳಬಹುದು, ₹520ರವರೆಗೆ ₹18.50 ಲಾಭ. ಅಂಚಿನಲ್ಲಿದ್ದ ಸ್ಟಾಪ್‌ಗಳು ಆಗಲೇ ಖಾಲಿಯಾಗಿರುವುದರಿಂದ ಅಲ್ಲಿ ಮತ್ತೆ ಅಂಥದೇ ಸರಣಿ ನಡೆಯುವ ಸಾಧ್ಯತೆ ಕಡಿಮೆ. ಆದರೆ ಸ್ವೀಪ್ ನಡೆಯದೆ ದರ ನೇರವಾಗಿ ಏರಿದ ಸಂದರ್ಭಗಳೆಲ್ಲ ಇವರ ಕೈತಪ್ಪುತ್ತವೆ.

ಶಾರ್ಟ್ ಮಾಡಿದವರಿಗೆ ಇದೆಲ್ಲ ತಲೆಕೆಳಗಾಗಿ ಅನ್ವಯಿಸುತ್ತದೆ. ಗರಿಷ್ಠ ಮಟ್ಟದ ಮೇಲೆ ಖರೀದಿಯ ಸ್ಟಾಪ್‌ಗಳು ಸೇರಿರುತ್ತವೆ, ದೊಡ್ಡ ಪ್ರಮಾಣದಲ್ಲಿ ಮಾರಬೇಕಾದವರಿಗೆ ಆ ಖರೀದಿಯೇ ಬೇಕಾಗಿರುತ್ತದೆ.

## ಮಿತಿಗಳು

ಸ್ಟಾಪನ್ನು ಎಷ್ಟೇ ಯೋಚಿಸಿ ಇಟ್ಟರೂ ಎದುರಿಗೆ ಕೊಳ್ಳುವವರೇ ಇಲ್ಲದಿದ್ದರೆ ಅದು ಕಾಯದು. 2021ರ ಆಗಸ್ಟ್ 20ರಂದು ನಿಫ್ಟಿಯ 16,450ರ ಕಾಲ್ ಆಪ್ಷನ್ ನೂರು ಚಿಲ್ಲರೆ ರೂಪಾಯಿಯಿಂದ ಕ್ಷಣಮಾತ್ರದಲ್ಲಿ ₹800 ದಾಟಿ ಮರಳಿತು. ಆ ಹಾದಿಯಲ್ಲಿದ್ದ ಮಾರುಕಟ್ಟೆ ಬೆಲೆಯ ಖರೀದಿ ಸ್ಟಾಪ್‌ಗಳಿಗೆ ಟ್ರಿಗರ್ ಬೆಲೆಯೊಡನೆ ಸಂಬಂಧವೇ ಇಲ್ಲದ ದರ ಸಿಗುವ ಅಪಾಯ ಅಂದು ಎದ್ದು ಕಂಡಿತು. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಅದೇ ವರ್ಷ ಸೆಪ್ಟೆಂಬರ್ 27ರಿಂದ ಆಪ್ಷನ್‌ಗಳಲ್ಲಿ ಮಾರುಕಟ್ಟೆ ಬೆಲೆಯ ಸ್ಟಾಪ್‌ಗಳನ್ನು ನಿಲ್ಲಿಸಿತು. ಈಗ ಅಲ್ಲಿ ಟ್ರಿಗರ್ ಜೊತೆಗೆ ಮಿತಿ ಬೆಲೆಯನ್ನೂ ಕೊಡಬೇಕು. ಇದು ವಿಪರೀತ ಬೆಲೆಯಿಂದ ಕಾಪಾಡುತ್ತದೆ, ಆದರೆ ದರ ಮಿತಿಯನ್ನು ಹಾರಿ ಹೋದರೆ ಆರ್ಡರ್ ಮುಗಿಯದೆ ಉಳಿಯುತ್ತದೆ.

ಕ್ಯಾಂಡಲ್ ಮುಕ್ತಾಯ ನೋಡಿ ಹೊರಬರುತ್ತೇನೆ ಎಂದು ಸ್ಟಾಪ್ ಇಡದೆ ಕಾಯುವವರದೂ ಇದೇ ಸ್ಥಿತಿ. ಸಣ್ಣ ಸ್ವೀಪ್‌ಗಳು ಅವರನ್ನು ಮುಟ್ಟುವುದಿಲ್ಲ, ದೊಡ್ಡ ಕುಸಿತ ಮಾತ್ರ ಪೂರ್ತಿಯಾಗಿ ಮುಟ್ಟುತ್ತದೆ. ಮುಕ್ತಾಯವನ್ನು ನೆಚ್ಚುವವರು ಇನ್ನೂ ದೂರದಲ್ಲಿ ಒಂದು ಕೊನೆಯ ಸ್ಟಾಪನ್ನಾದರೂ ಇಟ್ಟಿರಬೇಕು.

ಆ ಕೊನೆಯ ಸ್ಟಾಪ್ ಕೂಡ ಸಾಲದ ದಿನಗಳಿವೆ. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಒಂದು ಯೂರೋಗೆ 1.20 ಫ್ರಾಂಕ್ ಎಂಬ ಕೆಳಮಿತಿಯನ್ನು ಕಾಯ್ದುಕೊಂಡು ಬಂದಿತ್ತು. ಇದಕ್ಕಿಂತ ಎದ್ದುಕಾಣುವ ಮಟ್ಟ ಇನ್ನೊಂದಿರಲಾರದು. ಅದರ ಮೇಲೆ ಯೂರೋ ಕೊಂಡು ಸ್ವಲ್ಪವೇ ಕೆಳಗೆ ಸ್ಟಾಪ್ ಇಡುವುದು ಸುಲಭದ ವಹಿವಾಟಾಗಿ ಕಂಡಿತ್ತು. 2015ರ ಜನವರಿ 15ರಂದು ಬ್ಯಾಂಕ್ ಮುನ್ಸೂಚನೆಯಿಲ್ಲದೆ ಆ ಮಿತಿಯನ್ನು ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಕುಸಿಯಿತು, 1.20ರ ಅಡಿಯಲ್ಲಿದ್ದ ಸ್ಟಾಪ್‌ಗಳು ಬಹು ದೂರದ ದರಗಳಲ್ಲಿ ಮುಗಿದವು. ಬ್ರಿಟನ್ನಿನ ವಿದೇಶಿ ವಿನಿಮಯ ದಲ್ಲಾಳಿ ಸಂಸ್ಥೆ ಆಲ್ಪಾರಿ ದಿವಾಳಿಯಾಯಿತು, ಇನ್ನೊಂದು ದಲ್ಲಾಳಿ ಸಂಸ್ಥೆಯಾದ ಎಫ್‌ಎಕ್ಸ್‌ಸಿಎಂನ ಗ್ರಾಹಕರ ಖಾತೆಗಳಲ್ಲಿ ಸುಮಾರು 22.5 ಕೋಟಿ ಡಾಲರ್ ಬಾಕಿ ಉಳಿಯಿತು. ಅಂದು ಸ್ಟಾಪ್ 1.1990ರಲ್ಲಿತ್ತೋ 1.1900ರಲ್ಲಿತ್ತೋ ಎಂಬುದು ಹೆಚ್ಚು ವ್ಯತ್ಯಾಸ ಮಾಡಲಿಲ್ಲ, ಕೊಂಡ ಪ್ರಮಾಣ ಎಷ್ಟು ಎಂಬುದು ಮಾಡಿತು. ಸ್ಟಾಪ್‌ನ ಜಾಗ ದಿನನಿತ್ಯದ ಸ್ವೀಪ್‌ಗಳಿಂದ ಕಾಪಾಡಬಲ್ಲದು. ಇಂಥ ದಿನಗಳಿಂದ ಕಾಪಾಡುವುದು ಆ ಜಾಗಕ್ಕೆ ತಕ್ಕಂತೆ ಮೊದಲೇ ತಗ್ಗಿಸಿಕೊಂಡ ಪ್ರಮಾಣ ಮಾತ್ರ.